ಜ್ವರ ಬಂದಿರಲಿಲ್ಲ ಸರ್, ಪ್ರಶ್ನೆ ಅರ್ಥ ಆಗಿರಲಿಲ್ಲ

ಲ್ಯಾಬ್ ಸಬ್ಮಿಷನ್ ಹತ್ತಿರ ಬಂದ ಹಾಗೆ ನಮ್ಮ ಹಾಸ್ಟೆಲಿನಲ್ಲಿ ಒಂದು ವಿಚಿತ್ರ ಜ್ವರ ಹರಡುತ್ತದೆ. ಭಾನುವಾರ ರಾತ್ರಿ ಹತ್ತಕ್ಕೆ ಏರಿ, ಸೋಮವಾರ ಡೆಡ್‌ಲೈನ್ ಮುಂದಕ್ಕೆ ಹೋಯಿತು ಅಂತ ಗೊತ್ತಾದ ಕೂಡಲೇ ಇಳಿಯುತ್ತದೆ. ಡೇ ಸ್ಕಾಲರ್‌ಗಳಿಗೆ ಜ್ವರದ ಬದಲು ಸಿಲ್ಕ್ ಬೋರ್ಡ್ ಟ್ರಾಫಿಕ್ ಇದೆ. ಪಿಜಿಯಲ್ಲಿರುವವರಿಗೆ ಕರೆಂಟ್ ಹೋಗಿರುತ್ತದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಾಲೇಜುಗಳಲ್ಲಿ ಓದುವ ನಮ್ಮಂಥವರು ಬರೆದ ಎಕ್ಸ್‌ಟೆನ್ಷನ್ ಪತ್ರಗಳನ್ನೆಲ್ಲ ಒಟ್ಟು ಮಾಡಿದರೆ, ಹೊಸೂರು ರಸ್ತೆಯಲ್ಲಿ ವಾಹನ ಚಲಿಸಿದ್ದೇ ಇಲ್ಲ ಅನ್ನಿಸಬೇಕು.

ಹೋದ ತಿಂಗಳು ನಾವು, ಅಂದರೆ ಬಿ2 ಬ್ಯಾಚಿನ ಇಪ್ಪತ್ತು ಜನ, ಇಂಥದ್ದೇ ಒಂದು ಪತ್ರ ಬರೆಯಲು ಕೂತೆವು. ‘ಮಾನ್ಯರೇ, ಅನಾರೋಗ್ಯದ ನಿಮಿತ್ತ...’ ಅಂತ ಶುರುವೂ ಆಗಿತ್ತು. ಆಗ ಒಬ್ಬಳು ಕೇಳಿದಳು, "ಇಪ್ಪತ್ತೂ ಜನಕ್ಕೆ ಅನಾರೋಗ್ಯನಾ? ನಿಜವಾದ ಕಾರಣಾನೇ ಬರೆದ್ರೆ ಏನಾಗತ್ತೆ?" ನಿಜವಾದ ಕಾರಣ ಇಷ್ಟೇ: ಲ್ಯಾಬ್ ಶೀಟಿನ ಒಂದು ಸಾಲಿಗೆ ಎರಡು ಅರ್ಥ ಬರುತ್ತಿತ್ತು. ಅದನ್ನು ಬರೆಯಲು ನಮಗೆ ಯಾಕೆ ಅಷ್ಟು ಹೆದರಿಕೆ ಅನ್ನುವುದೇ ಈ ಬರಹದ ತಕರಾರು.

ವಿಷಯ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿನದು. ಪ್ರೋಗ್ರಾಂ ರೌಂಡ್ ರಾಬಿನ್ ಶೆಡ್ಯೂಲಿಂಗ್. ಗೊತ್ತಿಲ್ಲದವರಿಗೆ ಎರಡು ಮಾತು: ಒಂದು ಸಿಪಿಯು, ಹಲವು ಪ್ರೋಸೆಸ್‌ಗಳು. ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ಮುಂದಿರುವುದಕ್ಕೆ ಒಂದು ನಿಗದಿತ ಹೊತ್ತು, ಅಂದರೆ ಒಂದು ಕ್ವಾಂಟಮ್, ಸಿಪಿಯು ಸಿಗುತ್ತದೆ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಎದ್ದು ಸರದಿಯ ಕೊನೆಗೆ ಹೋಗಬೇಕು. ಶೀಟಿನಲ್ಲಿ ಇದ್ದದ್ದು ನಾಲ್ಕೇ ಸಾಲು. ಪ್ರತಿ ಪ್ರೋಸೆಸ್ ಬರುವ ಸಮಯ ಮತ್ತು ಅದಕ್ಕೆ ಬೇಕಾದ ಸಿಪಿಯು ಸಮಯ ಓದಿಕೊಳ್ಳಿ, ಕ್ವಾಂಟಮ್ ಓದಿಕೊಳ್ಳಿ, ರೌಂಡ್ ರಾಬಿನ್ ನಡೆಸಿ, ಸರಾಸರಿ ಕಾಯುವ ಸಮಯ ತೋರಿಸಿ. ಮಾದರಿ ಔಟ್‌ಪುಟ್ ಇರಲಿಲ್ಲ.

ಬುಧವಾರ ಸಂಜೆಗೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರು. ಒಂದೇ ಇನ್‌ಪುಟ್ ಕೊಟ್ಟರೆ ಅರ್ಧ ಜನರಿಗೆ 2.33 ಬರುತ್ತಿತ್ತು, ಉಳಿದರ್ಧಕ್ಕೆ 1.67. ಎರಡು ಸಂಜೆ ಒಬ್ಬರ ಕೋಡಿನಲ್ಲಿ ಇನ್ನೊಬ್ಬರು ಬಗ್ ಹುಡುಕಿದ್ದೇ ಬಂತು. ಕೊನೆಗೆ ಕಂಪ್ಯೂಟರ್ ಪಕ್ಕಕ್ಕಿಟ್ಟು ಪೇಪರ್ ಮೇಲೆ ಮಾಡಿ ನೋಡಿದೆವು. ಪಿ1 ಸಮಯ 0ಕ್ಕೆ ಬರುತ್ತದೆ, 4 ಯೂನಿಟ್ ಕೆಲಸ. ಪಿ2 ಬರುವುದು 2ಕ್ಕೆ, 3 ಯೂನಿಟ್. ಪಿ3 ಬರುವುದು 4ಕ್ಕೆ, 1 ಯೂನಿಟ್. ಕ್ವಾಂಟಮ್ 2.

ಸಮಯ 2ರಲ್ಲಿ ನಿಂತು ನೋಡಿ. ಪಿ1ರ ಕ್ವಾಂಟಮ್ ಆಗ ತಾನೇ ಮುಗಿದಿದೆ, ಅದು ಸರದಿಯ ಕೊನೆಗೆ ಹೋಗಬೇಕು. ಅದೇ ಕ್ಷಣಕ್ಕೆ ಪಿ2 ಬಾಗಿಲಿಗೆ ಬಂದಿದೆ. ಯಾರು ಮುಂದೆ? ಹೊಸಬರು ಮೊದಲು ಅಂದರೆ ಸಿಪಿಯು ಸಿಗುವ ಕ್ರಮ ಪಿ1, ಪಿ2, ಪಿ1, ಪಿ3, ಪಿ2. ಕಾದ ಸಮಯ ಕ್ರಮವಾಗಿ 2, 3, 2. ಸರಾಸರಿ 2.33. ಎದ್ದು ಬಂದವರು ಮೊದಲು ಅಂದರೆ ಸರದಿಯಲ್ಲಿ ಪಿ1 ಮುಂದೆ ನಿಂತು ಮತ್ತೆ ಸಿಪಿಯು ಪಡೆದು 4ಕ್ಕೇ ಮುಗಿಸಿಬಿಡುತ್ತದೆ. ಕಾದ ಸಮಯ 0, 3, 2. ಸರಾಸರಿ 1.67. ಕೋಡಿನಲ್ಲಿ ಇಷ್ಟೇ ವ್ಯತ್ಯಾಸ, ಎರಡು ಸಾಲು ಅದಲು ಬದಲು:

```c
admit_arrivals(t);              // 2.33
if (rem[p] > 0) enqueue(p);
```

```c
if (rem[p] > 0) enqueue(p);     // 1.67
admit_arrivals(t);
```

ಶೀಟಿನ ನಾಲ್ಕೂ ಸಾಲನ್ನು ಎರಡೂ ಕೋಡು ಪಾಲಿಸುತ್ತವೆ. ಹಾಗಿದ್ದರೆ ತಪ್ಪು ಕೋಡಿನದಲ್ಲ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆವು. ಪಿ2 ಬರುವುದು 1ಕ್ಕೆ, ಪಿ3 ಬರುವುದು 3ಕ್ಕೆ ಅಂತ ಬದಲಿಸಿದೆವು. ಈಗ ಯಾರೂ ಕ್ವಾಂಟಮ್ ಮುಗಿಯುವ ಕ್ಷಣಕ್ಕೆ ಸರಿಯಾಗಿ ಬರುವುದಿಲ್ಲ. ಎರಡೂ ಪ್ರೋಗ್ರಾಂ 3.00 ಅಂದವು. ಜಗಳ ಇದ್ದದ್ದು ಆ ಒಂದು ಕ್ಷಣದ ಬಗ್ಗೆ ಮಾತ್ರ, ಮತ್ತು ಆ ಕ್ಷಣದ ಬಗ್ಗೆ ಶೀಟ್ ಬಾಯಿ ಬಿಟ್ಟಿರಲಿಲ್ಲ.

ಪುಸ್ತಕ ನೋಡಬಹುದಿತ್ತಲ್ಲ ಅನ್ನುತ್ತೀರಿ. ನೋಡಿದೆವು. ಸಿಲ್ಬರ್‌ಶಾಟ್ಜ್ ಪುಸ್ತಕದಲ್ಲಿ ರೌಂಡ್ ರಾಬಿನ್ ವಿವರಿಸುವ ಉದಾಹರಣೆ 24, 3, 3 ಯೂನಿಟ್‌ಗಳದು, ಕ್ವಾಂಟಮ್ 4. ಮೂರೂ ಪ್ರೋಸೆಸ್ ಸಮಯ 0ಕ್ಕೇ ಬಂದು ಕೂತಿರುತ್ತವೆ. ನಡುವೆ ಯಾರೂ ಬರದ ಮೇಲೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಮ್ಮ ಶೀಟ್ ಆ ಉದಾಹರಣೆಗೆ ‘ಬರುವ ಸಮಯ’ ಅನ್ನುವುದೊಂದನ್ನು ಸೇರಿಸಿತು, ಅದರ ಜೊತೆಗೆ ಬೇಕಾಗುವ ನಿಯಮವನ್ನು ಸೇರಿಸಲು ಮರೆತಿತು. ಯಾರದೋ ದುರುದ್ದೇಶ ಅಲ್ಲ. ಬರೆದವರ ತಲೆಯಲ್ಲಿ ನಿಯಮ ಸ್ಪಷ್ಟವಾಗಿಯೇ ಇರುತ್ತದೆ, ಹಾಗಾಗಿ ಹಾಳೆಯ ಮೇಲೆ ಇಲ್ಲದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಎಕ್ಸ್‌ಟೆನ್ಷನ್ ಯಾಕೆ ಬೇಕಿತ್ತು? ಎರಡು ಸಾಲು ಅದಲು ಬದಲು ಮಾಡಲು ಒಂದು ನಿಮಿಷ ಸಾಕು. ಹೊತ್ತು ಹಿಡಿಯುವುದು ರೆಕಾರ್ಡ್. ಆರು ಇನ್‌ಪುಟ್‌ಗಳಿಗೆ ಗ್ಯಾಂಟ್ ಚಾರ್ಟ್ ಸ್ಕೇಲ್ ಹಿಡಿದು ಕೈಯಲ್ಲೇ ಬರೆಯಬೇಕು, ಪಕ್ಕದಲ್ಲಿ ಟೇಬಲ್ ಹಾಕಬೇಕು. ನಿಯಮ ಬದಲಾದರೆ ಆ ಪುಟಗಳನ್ನೆಲ್ಲ ಮತ್ತೆ ಬರೆಯಬೇಕು. ನಮ್ಮ ಸೀನಿಯರ್ ಒಬ್ಬರು ಹೋದ ವರ್ಷ ಕೇಳದೆ ತಮಗೆ ತೋಚಿದ್ದನ್ನು ಬರೆದು, ಐದು ಪುಟದ ಮೇಲೂ ಕೆಂಪು ಗೀಟು ಹಾಕಿಸಿಕೊಂಡಿದ್ದರಂತೆ. ಇಂಟರ್ನಲ್ಸ್‌ನಲ್ಲಿ ಅಂಕ ಹೋಯಿತು. ಅವರು ಹೋಗಿ ಕೇಳಲೂ ಇಲ್ಲ.

ಹಾಗಾಗಿ ಶುಕ್ರವಾರ ಮಧ್ಯಾಹ್ನ, ಡೆಡ್‌ಲೈನಿಗೆ ಮೂರು ದಿನ ಮೊದಲು, ಕೆಳಗಿನ ಪತ್ರ ಕಳಿಸಿದೆವು.

*ಸರ್, ನಮಸ್ಕಾರ.*

*ರೌಂಡ್ ರಾಬಿನ್ ಪ್ರೋಗ್ರಾಂ ಬಗ್ಗೆ ಒಂದು ಪ್ರಶ್ನೆ, ಒಂದು ಕೋರಿಕೆ.*

*ಪ್ರಶ್ನೆ: ಒಂದು ಪ್ರೋಸೆಸ್‌ನ ಕ್ವಾಂಟಮ್ ಮುಗಿಯುವ ಕ್ಷಣದಲ್ಲೇ ಇನ್ನೊಂದು ಹೊಸ ಪ್ರೋಸೆಸ್ ಬಂದರೆ ಸರದಿಯಲ್ಲಿ ಯಾರನ್ನು ಮೊದಲು ಸೇರಿಸಬೇಕು? ಶೀಟಿನಲ್ಲಿ ಇದು ನಮಗೆ ಸಿಗಲಿಲ್ಲ. ಪಿ1 (0, 4), ಪಿ2 (2, 3), ಪಿ3 (4, 1), ಕ್ವಾಂಟಮ್ 2 ಇಟ್ಟುಕೊಂಡರೆ ಹೊಸದು ಮೊದಲು ಅಂದಾಗ ಸರಾಸರಿ 2.33, ಹಳೆಯದು ಮೊದಲು ಅಂದಾಗ 1.67 ಬರುತ್ತದೆ. ಎರಡರ ಚಾರ್ಟನ್ನೂ ಜೊತೆಗಿಟ್ಟಿದ್ದೇವೆ. ತಾವು ಬೇರೆ ಹೇಳದಿದ್ದರೆ ಹೊಸದು ಮೊದಲು ಅಂತ ಇಟ್ಟುಕೊಂಡು, ರೆಕಾರ್ಡಿನ ಮೊದಲ ಪುಟದಲ್ಲೇ ಹಾಗೆಂದು ಬರೆಯುತ್ತೇವೆ.*

*ಕೋರಿಕೆ: ಪ್ರೋಗ್ರಾಂ ಸಿದ್ಧವಿದೆ, ಸೋಮವಾರವೇ ತೋರಿಸುತ್ತೇವೆ. ರೆಕಾರ್ಡ್ ಮಾತ್ರ ಗುರುವಾರದವರೆಗೆ ಸಮಯ ಬೇಕು, ಚಾರ್ಟ್‌ಗಳನ್ನು ಒಂದೇ ಸಲ ಸರಿಯಾಗಿ ಬರೆಯಲು. ಬಿ1ರವರಿಗೂ ಇದೇ ಗೊಂದಲ ಇದೆ, ಕೊಡುವುದಾದರೆ ಇಬ್ಬರಿಗೂ ಕೊಡಿ ಸರ್.*

*ತಮ್ಮ ವಿದ್ಯಾರ್ಥಿಗಳು, ಬಿ2 ಬ್ಯಾಚ್*

ಈ ಪತ್ರದ ಮೊದಲ ಕರಡು ಇದರ ಮೂರು ಪಟ್ಟು ಇತ್ತು. ಕ್ಷಮೆಯೇ ಎಂಟು ಸಾಲು. ಕ್ಷಮೆ ಕೇಳುತ್ತಾ ಹೋದಷ್ಟೂ ಪ್ರಶ್ನೆ ಕೆಳಗೆ ಜಾರುತ್ತಿತ್ತು, ಹೊಡೆದು ಹಾಕಿದೆವು. ‘ಶೀಟ್ ಸರಿಯಾಗಿ ಕೊಟ್ಟಿಲ್ಲ’ ಅನ್ನುವ ಒಂದು ಸಾಲೂ ಇತ್ತು, ಅದನ್ನೂ ಹೊಡೆದೆವು. 2.33 ಮತ್ತು 1.67 ಪಕ್ಕಪಕ್ಕ ಕೂತ ಮೇಲೆ ಆ ಮಾತು ಹೇಳಬೇಕಾಗಿಯೇ ಇಲ್ಲ. ‘ತಾವು ಬೇರೆ ಹೇಳದಿದ್ದರೆ’ ಅನ್ನುವ ಸಾಲಿನ ಬಗ್ಗೆ ಮಾತ್ರ ನಮ್ಮಲ್ಲಿ ಜಗಳವಾಯಿತು. ಕೆಲವರಿಗೆ ಅದು ಅಧಿಕಪ್ರಸಂಗ ಅನ್ನಿಸಿತು. ನಮ್ಮ ಪ್ರಕಾರ ಪತ್ರದಲ್ಲಿ ಅತ್ಯಂತ ಕೆಲಸಕ್ಕೆ ಬರುವ ಸಾಲು ಅದೇ. ಸರ್‌ಗೆ ಐದು ಬ್ಯಾಚ್ ಇವೆ, ಉತ್ತರ ಬರೆಯಲು ಹೊತ್ತು ಸಿಗದೇ ಹೋಗಬಹುದು. ಆಗಲೂ ನಮ್ಮ ಕೆಲಸ ನಿಲ್ಲುವುದಿಲ್ಲ, ನಾಳೆ ಕೆಂಪು ಪೆನ್ನು ಬಂದರೆ ತೋರಿಸಲು ತಾರೀಖಿರುವ ಒಂದು ಕಾಗದವೂ ಇರುತ್ತದೆ.

ಒಂದು ಒಪ್ಪಿಕೊಳ್ಳಬೇಕು. ಇದೇ ಪತ್ರ ಭಾನುವಾರ ರಾತ್ರಿ ಹೋಗಿದ್ದರೆ ಅದಕ್ಕೆ ಕಿಮ್ಮತ್ತಿರುತ್ತಿರಲಿಲ್ಲ. ಆರು ದಿನ ಶೀಟ್ ತೆರೆಯದವರಿಗೆ ಏಳನೇ ದಿನ ಅಸ್ಪಷ್ಟತೆ ಕಾಣಿಸಿತು ಅಂದರೆ ಯಾರು ನಂಬುತ್ತಾರೆ? ಶೀಟಿನಲ್ಲೇ ಇರುವ ಉತ್ತರವನ್ನು ಕೇಳುವುದೂ ಅಷ್ಟೇ. ಹಾಗೆ ಎರಡು ಸಲ ಕೇಳಿದವರ ಮೂರನೇ ಪ್ರಶ್ನೆಯನ್ನು ಯಾರೂ ಓದುವುದಿಲ್ಲ.

ಮೆಕ್ಯಾನಿಕಲ್‌ನ ಗೆಳೆಯನೊಬ್ಬ ಪೀಣ್ಯದ ಒಂದು ಜಾಬ್ ವರ್ಕ್ ಶಾಪಿನಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದಿದ್ದಾನೆ. ಅವನು ಹೇಳಿದ್ದು ಕೇಳಿ. ಡ್ರಾಯಿಂಗ್ ಬರುತ್ತದೆ, ಶಾಫ್ಟ್‌ನ ವ್ಯಾಸ 25 ಮಿ.ಮೀ. ಅಂತಷ್ಟೇ ಇರುತ್ತದೆ. ಮೂಲೆಯಲ್ಲಿ ಐಎಸ್‌ಒ 2768-ಎಂ ಅಂತ ಬರೆದಿದ್ದರೆ, ಆ ಅಳತೆಗೆ 0.2 ಮಿ.ಮೀ. ಹೆಚ್ಚು ಕಡಿಮೆ ಆಗಬಹುದು ಅಂತ ಲೆಕ್ಕ. ಆದರೆ ಅದೇ ಜಾಗದಲ್ಲಿ ಬೇರಿಂಗ್ ಕೂರಬೇಕಿದ್ದರೆ ಅಷ್ಟು ಸಡಿಲ ನಡೆಯುವುದಿಲ್ಲ, ಮಿಲಿಮೀಟರಿನ ನೂರನೇ ಒಂದೆರಡು ಭಾಗದೊಳಗೆ ಬರಬೇಕು. ಅಲ್ಲಿಯ ಆಪರೇಟರ್ ಲೇತ್ ಆನ್ ಮಾಡುವ ಮೊದಲು ಫೋನ್ ತೆಗೆಯುತ್ತಾರಂತೆ. "ಸಾರ್, ಈ ಇಪ್ಪತ್ತೈದರ ಮೇಲೆ ಬೇರಿಂಗ್ ಕೂರತ್ತಾ?" ಅಷ್ಟೇ ಮಾತು. ಕ್ಷಮೆ ಇಲ್ಲ, ಜ್ವರ ಇಲ್ಲ. ಯಾಕಂದ್ರೆ ಕತ್ತರಿಸಿದ ಉಕ್ಕನ್ನು ಮತ್ತೆ ಅಂಟಿಸಲಾಗುವುದಿಲ್ಲ. ನಮ್ಮ ರೆಕಾರ್ಡ್ ಪುಟಗಳೂ ಹೆಚ್ಚುಕಡಿಮೆ ಹಾಗೆಯೇ.

ಲೆಕ್ಚರರ್‌ಗಳೂ ಈ ಪುಟ ಓದುತ್ತಾರೆ ಅನ್ನುವ ಧೈರ್ಯದ ಮೇಲೆ ಅವರಿಗೂ ಒಂದು ಮಾತು. ಒಬ್ಬರು ಬಂದು ಕಾರಿಡಾರಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಬಾಯಿಮಾತಲ್ಲಿ ಹೇಳಿದರೆ, ಉತ್ತರ ಗೊತ್ತಿರುವುದು ಅವರಿಗೆ ಮಾತ್ರ. ಉಳಿದವರ ರೆಕಾರ್ಡ್ ಆಗ ತಪ್ಪಾಗುತ್ತದೆ. ಅದೇ ಉತ್ತರವನ್ನು ಗುಂಪಿಗೆ ಒಂದು ಸಾಲಿನಲ್ಲಿ ಹಾಕಿಬಿಡಿ ಸರ್, ಮೇಡಂ.

ನಮ್ಮ ಸರ್ ಹಾಗೇ ಮಾಡಿದರು. ಶನಿವಾರ ಬೆಳಿಗ್ಗೆ ಎರಡೂ ಬ್ಯಾಚಿನ ಗುಂಪಿಗೆ ಬಂದದ್ದು ಇಷ್ಟು: "ಹೊಸದು ಮೊದಲು. ಪ್ರೋಗ್ರಾಂ ಸೋಮವಾರ, ರೆಕಾರ್ಡ್ ಬುಧವಾರ. ಬುಧವಾರವೇ ಕೇಳಬಹುದಿತ್ತಲ್ವಾ?" ಗುರುವಾರ ಕೇಳಿದ್ದಕ್ಕೆ ಬುಧವಾರ ಸಿಕ್ಕಿತು. ಮಂಗಳವಾರ ರಾತ್ರಿ ಎರಡು ಗಂಟೆಯವರೆಗೆ ಗೀಟು ಎಳೆದೆವು.

ಮುಂದಿನ ಪ್ರೋಗ್ರಾಂ ಪೇಜ್ ರಿಪ್ಲೇಸ್‌ಮೆಂಟ್. ಶುರುವಿನಲ್ಲಿ ಖಾಲಿ ಫ್ರೇಮ್‌ಗಳು ತುಂಬುವಾಗ ಆಗುವ ಪೇಜ್ ಫಾಲ್ಟ್‌ಗಳನ್ನು ಒಟ್ಟು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಅಂತ ಶೀಟಿನಲ್ಲಿಲ್ಲ. ಈ ಸಲ ಪತ್ರ ಶೀಟ್ ಕೈಗೆ ಬಂದ ಮರುದಿನವೇ ಹೋಗಿದೆ, ಉತ್ತರಕ್ಕೆ ಕಾಯುತ್ತಿದ್ದೇವೆ.