ನಿದ್ದೆಯಲ್ಲಿ ಬೋರಲಾಗುವ ಮಗುವನ್ನು ರಾತ್ರಿಯಿಡೀ ತಿರುಗಿಸುತ್ತಿರಬೇಕೇ?

ತಲಕಾಡಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಐದು ತಿಂಗಳ ಮಗು ಹೊಸದಾಗಿ ಬೋರಲಾಗುವುದನ್ನು ಕಲಿತಿದೆ. ಅಮ್ಮ ಅಂಗಾತ ಮಲಗಿಸುತ್ತಾಳೆ, ಹತ್ತು ನಿಮಿಷಕ್ಕೆ ಮಗು ಮಗುಚಿಕೊಳ್ಳುತ್ತದೆ. ಆಕೆ ತಿರುಗಿಸುತ್ತಾಳೆ, ಅದು ಮತ್ತೆ ಬೋರಲು. ಕೊನೆಗೆ ಅಜ್ಜಿ ಎರಡೂ ಪಕ್ಕಕ್ಕೆ ದಿಂಬು ಒತ್ತಿಡುತ್ತಾರೆ. ಅಲ್ಲೇ ನಿಜವಾದ ಅಪಾಯ ಶುರುವಾಗುತ್ತದೆ.

ಬೋರಲು ಮಲಗಿದಾಗ ಮುಖ ಮೆತ್ತನೆಯ ಬಟ್ಟೆಯಲ್ಲಿ ಹುದುಗಿದರೆ, ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಹೀಗಾದಾಗ ಎಚ್ಚರವಾಗಿ ತಲೆ ಹೊರಳಿಸುವಷ್ಟು ಪಳಗಿರದ ಮಗುವಿಗೆ ತೊಂದರೆ. ಅಮೆರಿಕದಲ್ಲಿ 1994ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸಿ ಎಂಬ ಅಭಿಯಾನ ಶುರುವಾದ ಮೇಲೆ, ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯವೂ ಬೇಡ. ಆ ಭಂಗಿಯಲ್ಲಿ ಉಸಿರಿನ ಕೊಳವೆ ಅನ್ನನಾಳದ ಮೇಲಿರುತ್ತದೆ, ಹಾಲು ಅದರೊಳಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು.

ಹಾಗಾಗಿ ಒಂದು ವರ್ಷದವರೆಗೆ ಪ್ರತಿ ಸಲವೂ ಅಂಗಾತವೇ ಮಲಗಿಸಿ. ಆಮೇಲೆ ಏನು ಮಾಡಬೇಕೆಂಬುದನ್ನು ಮಗುವಿನ ಕೈಚಳಕವೇ ಹೇಳುತ್ತದೆ. ಹಗಲಲ್ಲಿ ಚಾಪೆಯ ಮೇಲೆ ಬಿಟ್ಟು ಎರಡು ಮೂರು ದಿನ ಗಮನಿಸಿ. ಅಂಗಾತದಿಂದ ಬೋರಲು, ಬೋರಲಿನಿಂದ ಅಂಗಾತ, ಎರಡೂ ಕಡೆಗೆ ಯಾರ ನೆರವೂ ಇಲ್ಲದೆ ಮತ್ತೆ ಮತ್ತೆ ಹೊರಳುತ್ತಿದ್ದರೆ, ರಾತ್ರಿ ತಾನಾಗಿ ಬೋರಲಾದಾಗ ಹಾಗೇ ಬಿಡಬಹುದು. ಹೋಗಲು ಬಂದು ಮರಳಲು ಬಾರದಿದ್ದರೆ, ಕಂಡಾಗ ಮೆಲ್ಲಗೆ ಅಂಗಾತ ಮಾಡಿ. ಅದಕ್ಕಾಗಿ ರಾತ್ರಿಯಿಡೀ ಕಾವಲು ಕೂರಬೇಕಿಲ್ಲ. ಎಚ್ಚರವಿರುವಾಗ, ನಿಮ್ಮ ಕಣ್ಣೆದುರಿಗೆ, ದಿನಕ್ಕೆ ಹಲವು ಸಲ ಬೋರಲು ಆಡಿಸಿ. ಕತ್ತು, ಭುಜ ಗಟ್ಟಿಯಾದಂತೆ ಮರಳುವುದನ್ನೂ ಅದು ಕಲಿಯುತ್ತದೆ.

ಉಳಿದ ಕೆಲಸವೆಲ್ಲ ಹಾಸಿಗೆಯದು. ಒತ್ತಿದರೆ ಕುಳಿ ಬೀಳದ ಗಟ್ಟಿ, ಸಪಾಟು ಹಾಸಿಗೆಗೆ ಬಿಗಿಯಾಗಿ ಕೂರುವ ಒಂದು ಬಟ್ಟೆ ಹೊದಿಸಿದರೆ ಸಾಕು. ತಲೆ ದುಂಡಗಾಗಲೆಂದು ಇಡುವ ದಿಂಬು, ಕೌದಿ, ಬೊಂಬೆ ಯಾವುದೂ ಬೇಡ. ಪಕ್ಕಕ್ಕೆ ಒತ್ತಿಟ್ಟ ದಿಂಬು ಮಗುವನ್ನು ತಡೆಯುವುದಿಲ್ಲ, ಅದರ ಮೂಗಿಗೆ ಅಡ್ಡ ಬರುತ್ತದೆ. ಸೀರೆಯ ಜೋಲಿಯಲ್ಲಿ ಮೈ ಬಾಗುತ್ತದೆ, ಬಟ್ಟೆ ಮುಖಕ್ಕೆ ಅಂಟುತ್ತದೆ; ಹೊರಳುವ ಮಗುವಿನ ನಿದ್ದೆಗೆ ಅದು ತಕ್ಕುದಲ್ಲ. ಬಟ್ಟೆಯಲ್ಲಿ ಕೈಕಾಲು ಬಿಗಿದು ಸುತ್ತುವುದನ್ನು ಮಗು ಹೊರಳಲು ಯತ್ನಿಸಿದ ದಿನವೇ ನಿಲ್ಲಿಸಿ. ಕೈ ಸಿಕ್ಕಿಕೊಂಡ ಮಗು ಬೋರಲಾದರೆ ತಲೆ ಎತ್ತಲಾರದು. ಸೊಳ್ಳೆಪರದೆ ಬೇಕೇ ಬೇಕು, ಆದರೆ ಅದು ಬಿಗಿಯಾಗಿ, ಮುಖಕ್ಕೆ ತಾಕದಂತಿರಲಿ.

ಅವಧಿಗೆ ಮುಂಚೆ ಹುಟ್ಟಿದ ಅಥವಾ ಉಸಿರಿನ ತೊಂದರೆಯಿರುವ ಮಗುವಾದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿ. ಉಳಿದಂತೆ, ಆ ಮನೆಯವರು ದಿಂಬುಗಳನ್ನು ತೆಗೆದರೆ ಅರ್ಧ ಕೆಲಸ ಮುಗಿದಂತೆ.