ಆರ್‌ಟಿಸಿಯಲ್ಲಿ ಅಣ್ಣನ ಹೆಸರು, ತಂಗಿಯ ಪಾಲು ಎಲ್ಲಿ?

ಉಪ್ಪ ತೀರಿಕೊಂಡ ಮೇಲೆ ಜಾಗದ ಆರ್‌ಟಿಸಿ ದೊಡ್ಡ ಮಗನ ಹೆಸರಿಗೆ ಆಗುವುದು ನಮ್ಮಲ್ಲಿ ಹೊಸತೇನಲ್ಲ. ತಮ್ಮ ಗಲ್ಫಿನಲ್ಲಿ, ತಂಗಿ ಗಂಡನ ಮನೆಯಲ್ಲಿ. 'ಸುಮ್ಮನೆ ಒಂದು ಸೈನ್ ಹಾಕಿ, ಓಡಾಡುವವನು ನಾನೇ ಅಲ್ವಾ' ಎಂದರೆ ಎಲ್ಲರೂ ಹಾಕುತ್ತಾರೆ. ಹತ್ತು ವರ್ಷ ಕಳೆದು ತಂಗಿ ಪಾಲು ಕೇಳಿದಾಗ ಬರುವ ಉತ್ತರ: 'ಖಾತೆ ನನ್ನ ಹೆಸರಲ್ಲಿದೆ, ನೀನು ಅಂದೇ ಬಿಟ್ಟುಕೊಟ್ಟಿದ್ದೀಯಲ್ಲ?'

ಈ ಉತ್ತರ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಒಂದು ಲೆಕ್ಕ ನೋಡೋಣ. ಉಪ್ಪ ಬಿಟ್ಟುಹೋದದ್ದು 80 ಸೆಂಟ್ಸ್ ಅಡಿಕೆ ತೋಟ. ಸಾಲವಿಲ್ಲ, ವಸಿಯತ್ತಿಲ್ಲ. ಇರುವವರು ಉಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಉಮ್ಮನಿಗೆ ಎಂಟನೇ ಒಂದು, ಅಂದರೆ 10 ಸೆಂಟ್ಸ್. ಉಳಿದ 70ರಲ್ಲಿ ಗಂಡುಮಕ್ಕಳಿಗೆ ತಲಾ 28, ಮಗಳಿಗೆ 14. ಈ ಹಕ್ಕು ಹುಟ್ಟುವುದು ತಾಲೂಕು ಕಚೇರಿಯಲ್ಲಲ್ಲ. ಉಪ್ಪ ಕಣ್ಣುಮುಚ್ಚಿದ ಕ್ಷಣದಲ್ಲೇ ಅದು ನಾಲ್ವರಿಗೂ ಬಂದಾಯಿತು.

ಹಾಗಾದರೆ ಪೌತಿ ಖಾತೆ ಎಂದರೇನು? ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ನೋಟಿಸ್ ಹೊರಡಿಸಿ, ತಕರಾರು ಬಾರದಿದ್ದರೆ ಆರ್‌ಟಿಸಿಯ 9ನೇ ಕಾಲಮ್ಮಿನಲ್ಲಿ ಹೆಸರು ಬದಲಾಯಿಸುತ್ತಾರೆ. ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ಸರಕಾರ ಇಟ್ಟುಕೊಳ್ಳುವ ಲೆಕ್ಕ ಅದು. ಖಾತೆ ಬದಲಾವಣೆ ಮಾಲಕತ್ವವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು ದಾಖಲೆಯನ್ನು ನಿಜವೆಂದು ಊಹಿಸಲು ಹೇಳುತ್ತದೆ, ಸರಿ. ಆದರೆ ಅದು ತಪ್ಪೆಂದು ತೋರಿಸುವವರೆಗೆ ಮಾತ್ರ.

ತಂಗಿ ಹಾಕಿದ ಸೈನ್? ಖಾತೆಗೆ ಆಕ್ಷೇಪವಿಲ್ಲ ಎಂಬ ಕಾಗದ ಹಕ್ಕು ಬಿಡುಗಡೆ ಪತ್ರವಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ಅದಿಲ್ಲದಿದ್ದರೆ ಆಕೆಯ 14 ಸೆಂಟ್ಸ್ ಆಕೆಯದ್ದೇ. ಅಣ್ಣ ಇಡೀ ತೋಟ ಮಾರಿದರೂ ಖರೀದಿಸಿದವನಿಗೆ ದಕ್ಕುವುದು ಅಣ್ಣನ 28 ಮಾತ್ರ. ಬರೀ ಆರ್‌ಟಿಸಿ ನೋಡಿ ಅಡ್ವಾನ್ಸ್ ಕೊಡುವವರೂ ಇದನ್ನು ಗಮನಿಸಲಿ. ಮಾರುವವನ ಹೆಸರಿಗೆ ಖಾತೆ ಬಂದದ್ದು ಹೇಗೆ ಎಂದು 10ನೇ ಕಾಲಮ್ಮಿನ ಮ್ಯುಟೇಶನ್ ನಂಬರು ಹಿಡಿದು ಹುಡುಕಿದರೆ ವಂಶವೃಕ್ಷವೇ ಸಿಗುತ್ತದೆ.

ಹಾಗೆಂದು ಹೆಣ್ಣುಮಕ್ಕಳು ಸುಮ್ಮನೆ ಕೂರುವಂತೆಯೂ ಇಲ್ಲ. 'ನಿನಗೆ ಪಾಲಿಲ್ಲ' ಎಂದು ಅಣ್ಣ ಬಹಿರಂಗವಾಗಿ ಹೊರಗಿಟ್ಟ ದಿನದಿಂದ 12 ವರ್ಷ ಕಳೆದರೆ ದಾವೆ ಸೋಲುವ ಅಪಾಯವಿದೆ. ಖಾತೆ ಸರಿಮಾಡಿ ಎಂದು ತಹಶೀಲ್ದಾರರ ಬಳಿ ಅಲೆದೂ ಪ್ರಯೋಜನ ಕಡಿಮೆ, ಪಾಲು ತೀರ್ಮಾನಿಸುವುದು ಸಿವಿಲ್ ಕೋರ್ಟು. ಅಲ್ಲಿಯ ಡಿಕ್ರಿ ತಂದರೆ ಆರ್‌ಟಿಸಿ ತಾನಾಗಿ ತಿದ್ದಲ್ಪಡಬೇಕಾಗುತ್ತದೆ.

ಇಷ್ಟೆಲ್ಲ ಕೋರ್ಟು ಕಚೇರಿ ಬೇಡವೆಂದಾದರೆ, ಪೌತಿ ಖಾತೆಯ ಅರ್ಜಿಯಲ್ಲೇ ನಾಲ್ಕೂ ಹೆಸರು ಬರೆದು ಜಂಟಿ ಖಾತೆ ಮಾಡಿಸಬಹುದು. ಓಡಾಡುವವನು ಅಣ್ಣನೇ ಆಗಿರಲಿ.