ಕೂಡಿ ಕೂರುವ ಮುನ್ನ

ಮಡಗಾಂವ್‌ನಲ್ಲಿ ಓದುವ ಹುಬ್ಬಳ್ಳಿ ಹುಡುಗನೊಬ್ಬ ಐವರು ಗೆಳೆಯರಿಗೆ ವಾಟ್ಸಾಪಿನಲ್ಲಿ ಹೀಗೆ ಬರೆದನೆನ್ನಿ: 'ದೋಸ್ತರಾ, ಶನಿವಾರ ಸಂಜಿ ಆರಕ್ಕ ನನ್ನ ರೂಮಿಗೆ ಬರ್ರಿ. ಎಲ್ಲಾರೂ ಕೂಡಿ ಒಂದು ಸ್ಟಾರ್ಟಪ್ ಮಾಡೂಣು. ಐಡಿಯಾ ಯಾವುದಾದ್ರೂ ನಡೀತೈತಿ. ಚಾ, ಮಿರ್ಚಿ ನನ್ನ ಲೆಕ್ಕ.' ಕರೆಯುವ ಉತ್ಸಾಹದಲ್ಲಿ ಕೊರತೆಯಿಲ್ಲ. ಆದರೆ ಆ ಸಂಜೆ ಹರಟೆಯಾಗಿ ಮುಗಿಯುತ್ತದೋ ಕೆಲಸವಾಗುತ್ತದೋ ಎಂಬುದು ಬಹುಮಟ್ಟಿಗೆ ಈ ನಾಲ್ಕು ಸಾಲುಗಳಲ್ಲೇ ತೀರ್ಮಾನವಾಗಿಬಿಡುತ್ತದೆ ಎಂಬುದು ನನ್ನ ವಾದ.

ಒಟ್ಟಿಗೆ ಕೂತು ತೋಚಿದ್ದನ್ನೆಲ್ಲ ಹೇಳುವ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬರ್ನ್. ಟೀಕಿಸಬೇಡಿ, ಸಂಖ್ಯೆ ಹೆಚ್ಚಲಿ, ಹುಚ್ಚು ವಿಚಾರವೂ ಬರಲಿ, ಒಬ್ಬರದನ್ನು ಇನ್ನೊಬ್ಬರು ಬೆಳೆಸಲಿ ಎಂಬುವು ಅವನ ನಿಯಮಗಳು. ಕೇಳಲು ಸೊಗಸಾಗಿವೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಒರೆಗೆ ಹಚ್ಚಿದರು. ಒಟ್ಟಿಗೆ ಕೂತ ನಾಲ್ವರು ಹುಟ್ಟಿಸಿದ್ದಕ್ಕಿಂತ ಬೇರೆಬೇರೆ ಕೂತ ನಾಲ್ವರ ಪಟ್ಟಿಗಳನ್ನು ಸೇರಿಸಿದಾಗ ಸುಮಾರು ಎರಡರಷ್ಟು ವಿಚಾರಗಳು ಸಿಕ್ಕವು. ಇದಕ್ಕೆ ಮುಖ್ಯ ಕಾರಣ ಸಂಕೋಚವಲ್ಲ, ಸೋಮಾರಿತನವೂ ಅಲ್ಲ, ಸರದಿ ಕಾಯುವುದು ಎಂದು 1987ರಲ್ಲಿ ಸಂಶೋಧಕರಾದ ಡೀಲ್ ಮತ್ತು ಸ್ಟ್ರೋಬೆ ತೋರಿಸಿದರು.

ಲೆಕ್ಕ ಹಾಕಿ ನೋಡಿದರೆ ಇದು ತಾನೇ ಕಾಣುತ್ತದೆ. ಆರು ಜನ, ಎರಡು ಗಂಟೆ. ಒಬ್ಬ ಮಾತಾಡುವಾಗ ಉಳಿದವರು ಕೇಳಬೇಕು. ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ ಸಿಗುವುದು ಇಪ್ಪತ್ತೇ ನಿಮಿಷ. ಮಿಕ್ಕ ನೂರು ನಿಮಿಷ ತನಗೆ ಹೊಳೆದದ್ದನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳಬೇಕು, ಇಲ್ಲವೇ ಎದುರಿನವನ ಮಾತಿಗೆ ಮನಸ್ಸು ಕೊಟ್ಟು ಅದನ್ನು ಕೈಬಿಡಬೇಕು. ಸಮನಾಗಿ ಹಂಚಿಕೆಯಾಗುವುದಂತೂ ದೂರದ ಮಾತು. ಅರ್ಧ ಸಂಜೆಯನ್ನು ಗಟ್ಟಿ ಗಂಟಲಿನ ಒಬ್ಬನೇ ನುಂಗುತ್ತಾನೆ. ಅದೇ ಆರು ಮಂದಿ ಇಪ್ಪತ್ತು ನಿಮಿಷ ಬಾಯಿ ಮುಚ್ಚಿ ಹಾಳೆಯ ಮೇಲೆ ಬರೆದರೆ, ಎರಡು ಗಂಟೆಯ ಮಾತಿನಷ್ಟೇ ಸಮಯ ವಿಚಾರಕ್ಕೆ ದಕ್ಕುತ್ತದೆ. ಆಸ್ಬರ್ನ್‌ಗೂ ನ್ಯಾಯ ಸಲ್ಲಬೇಕು: ಗುಂಪಿನ ಜೊತೆಗೆ ಒಂಟಿ ಯೋಚನೆಯೂ ಬೇಕು ಎಂದು ಅವನೂ ಹೇಳಿದ್ದ. ಜನ ಅದನ್ನು ಬಿಟ್ಟು ಚಹಾವನ್ನು ಮಾತ್ರ ಉಳಿಸಿಕೊಂಡರು.

'ಯಾವುದಾದ್ರೂ ನಡೀತೈತಿ' ಎಂಬ ಸಾಲು ಇನ್ನೊಂದು ತೊಡಕು. ಏನು ಬೇಕಾದರೂ ಯೋಚಿಸಬಹುದು ಎಂದಾಗ ಎಲ್ಲರಿಗೂ ಫೋನಿನಲ್ಲಿ ನೋಡಿದ್ದೇ ನೆನಪಾಗುತ್ತದೆ: ಬಾಡಿಗೆ ಸ್ಕೂಟರಿನ ಆ್ಯಪ್, ಬೀಚ್ ಪಾರ್ಟಿಯ ಆ್ಯಪ್. ರೆಡ್‌ಬಸ್ ಹುಟ್ಟಿದ್ದು ಹೀಗಲ್ಲ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಅದರ ಸಹಸ್ಥಾಪಕ ಫಣೀಂದ್ರ ಸಾಮ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿಯಿದೆ ಎಂದು ಒಂದೇ ಕಡೆ ತಿಳಿಯುವ ದಾರಿ ಯಾಕಿಲ್ಲ ಎಂಬ ಪ್ರಶ್ನೆ ಮೊದಲು ಬಂತು; ಕಂಪನಿ ಬಂದದ್ದು ಮರುವರ್ಷ.

ಗೋವಾದಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ಬೆಳಗಾವಿಯ ತರಕಾರಿ ಘಟ್ಟ ಇಳಿದು ಮಾಪುಸಾ, ಮಡಗಾಂವ್ ಮಾರುಕಟ್ಟೆಗೆ ಬರುತ್ತದೆ. ದಿನಕ್ಕೆ ನಾಲ್ಕೇ ಕಿಲೋ ಟೊಮೆಟೊ ಬೇಕಾದ ಸಣ್ಣ ಖಾನಾವಳಿಯವನು ಅದನ್ನು ಯಾರಿಂದ, ಯಾವ ದರಕ್ಕೆ ಕೊಳ್ಳುತ್ತಾನೆ, ಮಳೆಗಾಲದಲ್ಲಿ ಎಷ್ಟು ಕೊಳೆಯುತ್ತದೆ? ಪ್ರಶ್ನೆ ಇಷ್ಟು ಕಿರಿದಾದರೆ ಲಾರಿ ಓಡಿಸುವ ಅಪ್ಪನಿರುವ ಹುಡುಗ, ಆರು ಜನರಲ್ಲಿ ಅತ್ಯಂತ ಮೌನಿಯಾದರೂ, ಹಾಳೆ ತುಂಬಿಸುತ್ತಾನೆ. ಬಾಯಿಮಾತಿನ ಸಂಜೆಯಲ್ಲಿ ಅವನ ಸರದಿ ಬರುವ ಹೊತ್ತಿಗೆ ಮಿರ್ಚಿ ಮುಗಿದಿರುತ್ತದೆ.

'ಎಲ್ಲಾರೂ ಕೂಡಿ' ಎಂದದ್ದು ಸ್ನೇಹದ ಮಾತೇ. ಆದರೆ ವ್ಯಾಪಾರ ನಡೆಸಿ ಲಾಭ ಹಂಚಿಕೊಳ್ಳಲು ಒಪ್ಪಿದವರ ನಡುವೆ, ಕಾಗದವಿಲ್ಲದೆಯೂ ಪಾಲುದಾರಿಕೆ ಏರ್ಪಡಬಹುದು. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭವೂ ನಷ್ಟವೂ ಸಮಪಾಲು ಎನ್ನುತ್ತದೆ 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ. ವರ್ಷದ ಬಳಿಕ ಮೂವರು ಕ್ಯಾಂಪಸ್ ನೌಕರಿ ಹಿಡಿದು ಹೋದರೂ, ಉಳಿದವರು ಬೆಳಗಿನ ಜಾವ ಚೀಲ ಎಣಿಸುತ್ತಿದ್ದರೂ, ಲೆಕ್ಕದಲ್ಲಿ ಆರು ಪಾಲು ಹಾಗೇ ನಿಂತು ಜಗಳಕ್ಕೆ ದಾರಿಯಾಗಬಹುದು. ಅದಕ್ಕೇ ಕಂಪನಿ ಕಟ್ಟುವವರು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಷೇರು ದಕ್ಕುವಂತೆ ಬರೆದುಕೊಳ್ಳುತ್ತಾರೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟವನಿಗೆ ಏನೂ ಇಲ್ಲ. ಗೆಳೆಯರ ನಡುವೆ ಇಂಥ ಮಾತೇಕೆ ಎನ್ನುವವರಿದ್ದಾರೆ. ನನಗಂತೂ ಗೆಳೆಯರ ನಡುವೆಯೇ ಇದು ಹೆಚ್ಚು ಬೇಕೆನಿಸುತ್ತದೆ. ಅಪರಿಚಿತರು ಹೇಗೂ ವಕೀಲರ ಹತ್ತಿರ ಹೋಗಿರುತ್ತಾರೆ.

ಹುಡುಗ ಹೀಗೆ ಬರೆಯಬಹುದಿತ್ತು: 'ದೋಸ್ತರಾ, ಸಣ್ಣ ಖಾನಾವಳಿಗೆ ತರಕಾರಿ ಮುಟ್ಟೂದ್ರಾಗ ಎಲ್ಲೆಲ್ಲಿ ತ್ರಾಸು ಐತಿ? ಬರೂಕಿಂತ ಮೊದಲ ಒಬ್ಬೊಬ್ಬರ ಕುಂತು ಐದು ವಿಚಾರ ಬರಕೊಂಡು ತರ್ರಿ. ಹಾಳಿ ಮ್ಯಾಲ ಹೆಸರು ಬ್ಯಾಡ. ಶನಿವಾರ ಬಂದವರೆಲ್ಲ ಪಾಲುದಾರರು ಅಂತಲ್ಲ, ಬರಲಿಲ್ಲ ಅಂದ್ರ ಸಿಟ್ಟೂ ಇಲ್ಲ. ಐತವಾರ ನಸಿಕಿನ್ಯಾಗ ಮಾರ್ಕೆಟ್ಟಿಗೆ ಹೋಗಿ ಲಾರಿ ಇಳಸೂದು ನೋಡೂಣು. ಪಾಲಿನ ಮಾತು ಆಮ್ಯಾಲ, ಅಲ್ಲಿಗೆ ಬಂದವರ ಜೋಡಿ.'